ಗಣಪ ಕರಗುತ್ತಾನೆ, ಮಡಕೆ ಕರಗುವುದಿಲ್ಲ

ಭಾದ್ರಪದಕ್ಕೆ ಮುಂಚಿನ ವಾರಗಳಲ್ಲಿ ಕುಂಬಾರರ ಅಂಗಳದಲ್ಲಿ ನಿಂತು ನೋಡಿದರೆ, ಒಂದೇ ಮಣ್ಣಿನ ಗುಡ್ಡೆ ಎರಡು ದಾರಿ ಹಿಡಿಯುವುದು ಕಾಣುತ್ತದೆ. ಒಂದು ಪಾಲು ತಿಗುರಿಯ ಮೇಲೇರಿ ಮಡಕೆಯಾಗುತ್ತದೆ. ಇನ್ನೊಂದು ಪಾಲು ಗೌರಿಯೋ ಗಣಪನೋ ಆಗಿ ನೆರಳಿನಲ್ಲಿ ಒಣಗುತ್ತದೆ. ಆ ಮಡಕೆಯಲ್ಲಿ ಬೇಸಿಗೆಯುದ್ದಕ್ಕೂ ನೀರು ತುಂಬಿಟ್ಟರೂ ಅದು ಮೆತ್ತಗಾಗುವುದಿಲ್ಲ. ಗಣಪನನ್ನು ನೀರಿಗೆ ಬಿಟ್ಟರೆ ಮರುದಿನ ಬೆಳಿಗ್ಗೆ ಹೊತ್ತಿಗೆ ತಳದಲ್ಲಿ ಕೆಸರು ಮಾತ್ರ ಉಳಿದಿರುತ್ತದೆ.

ಇದಕ್ಕೆ ಅರ್ಧ ಉತ್ತರ ಎಲ್ಲರಿಗೂ ಗೊತ್ತು. ಮಡಕೆಯನ್ನು ಸುಟ್ಟಿದ್ದಾರೆ, ಗಣಪನನ್ನು ಸುಟ್ಟಿಲ್ಲ. ಆದರೆ ಬೆಂಕಿ ಮಣ್ಣಿಗೆ ಏನು ಮಾಡಿತು? ಮೂರನೆಯದನ್ನೂ ಪಕ್ಕಕ್ಕಿಟ್ಟುಕೊಂಡರೆ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಪಿಒಪಿ ಎಂದು ಕರೆಯುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪನನ್ನೂ ಪುಡಿಗೆ ನೀರು ಬೆರೆಸಿಯೇ ಮಾಡುತ್ತಾರೆ. ಅಚ್ಚಿನಿಂದ ಹೊರಬಂದ ಮೇಲೆ ಅದು ಆವಿಗೆಯ ಮುಖ ಕಾಣುವುದಿಲ್ಲ. ಆದರೂ ಅದು ಮಡಕೆಯ ಪಕ್ಷ ವಹಿಸುತ್ತದೆ, ನೀರಿನಲ್ಲಿ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ.

ಈ ಮೂರನ್ನೂ ವಿವರಿಸಲು ಉದ್ದದ ಭಾಷಣ ಬೇಕಿಲ್ಲ. ಬಡಾವಣೆಯ ಗಣೇಶೋತ್ಸವ ಸಮಿತಿಯೊಂದು ಮೊಬೈಲ್‌ನಲ್ಲೇ ತೆಗೆಯಬಹುದಾದ ಎರಡು ನಿಮಿಷದ ವೀಡಿಯೊ ಸಾಕು. ಅಂಥ ವೀಡಿಯೊ ಹೇಗಿರಬೇಕು, ಅದರಲ್ಲಿ ಕಾಣುವುದರ ಒಳಗೆ ಏನು ನಡೆಯುತ್ತಿರುತ್ತದೆ ಎಂಬುದೇ ಈ ಅಧ್ಯಾಯ.

ಮೂರ್ತಿಯ ಬದಲು ಬಿಲ್ಲೆ

ಪ್ರತಿ ವರ್ಷ ಹಬ್ಬದ ಮರುದಿನ ಮೊಬೈಲಿಗೆ ಬರುವ ವೀಡಿಯೊಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ದಡಕ್ಕೆ ಬಂದು ಬಿದ್ದ ಮುಖ, ಮುರಿದ ಸೊಂಡಿಲು, ಬುಲ್ಡೋಜರ್, ಹಿನ್ನೆಲೆಯಲ್ಲಿ ಗದರುವ ದನಿ. ಹಿಂದಿನ ಸಂಜೆ ಅದೇ ಮೂರ್ತಿಗೆ ಮಂಗಳಾರತಿ ಎತ್ತಿದ ಮನೆಯವರು ಇದನ್ನು ನೋಡುತ್ತಾರೆ. ಅವರಿಗೆ ನೋವಾಗುತ್ತದೆ, ಕಣ್ಣು ಆಚೆ ತಿರುಗುತ್ತದೆ. ಮೂರ್ತಿ ಯಾಕೆ ಕರಗಲಿಲ್ಲ ಎಂಬ ಪ್ರಶ್ನೆ ಕೇಳಿಸಿಕೊಳ್ಳುವ ಮುಂಚೆಯೇ ಮಾತು ನಿಂತುಹೋಗುತ್ತದೆ. ಇಂಥ ವೀಡಿಯೊ ಮಾಡುವುದು ನನಗೆ ಅನ್ಯಾಯವೆಂದೂ ಕಾಣುತ್ತದೆ. ಆ ಮನೆಯವರು ಮಾಡಿದ್ದು ಹಿರಿಯರು ಮಾಡುತ್ತಿದ್ದುದನ್ನೇ: ತಂದರು, ಪೂಜಿಸಿದರು, ನೀರಿಗೆ ಬಿಟ್ಟರು. ಬದಲಾಗಿದ್ದು ಮೂರ್ತಿಯೊಳಗಿನ ವಸ್ತು. ಅದನ್ನು ಬದಲಿಸಿದವರು ಅವರಲ್ಲ.

ಆದ್ದರಿಂದ ವೀಡಿಯೊದಲ್ಲಿ ಯಾವ ದೇವರ ಮೂರ್ತಿಯೂ ಒಡೆಯುವುದನ್ನು, ಕುಸಿಯುವುದನ್ನು ತೋರಿಸಬೇಕಾಗಿಲ್ಲ. ಪರೀಕ್ಷೆಗೆ ಬೆರಳು ದಪ್ಪದ, ರಾಗಿರೊಟ್ಟಿಯ ಉಂಡೆ ತಟ್ಟಿದಷ್ಟಗಲದ ಬಿಲ್ಲೆಗಳು ಸಾಕು. ನಾಲ್ಕು ಗಾಜಿನ ಜಾಡಿ, ನಾಲ್ಕು ಬಿಲ್ಲೆ. ಮೊದಲನೆಯದು ಜೇಡಿಮಣ್ಣಿನದು, ಒಂದು ವಾರ ಚೆನ್ನಾಗಿ ಒಣಗಿಸಿದ್ದು. ಎರಡನೆಯದು ಅದೇ ಮಣ್ಣಿನದು, ಆದರೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟು ಹಸಿಯಾಗಿಯೇ ಉಳಿಸಿಕೊಂಡಿದ್ದು. ಮೂರನೆಯದು ಕುಂಬಾರರ ಆವಿಗೆಯಲ್ಲಿ ಮಡಕೆಗಳ ಜೊತೆ ಸುಡಿಸಿ ತಂದದ್ದು. ನಾಲ್ಕನೆಯದು ಪಿಒಪಿಯದು. ಹಿಂದೆ ಕಪ್ಪು ಬಟ್ಟೆ, ಪಕ್ಕದಿಂದ ಬೆಳಕು, ಅಲುಗಾಡದ ಮೊಬೈಲ್. ಐದು ಸೆಕೆಂಡಿಗೊಂದು ಚಿತ್ರದಂತೆ ಎರಡು ಗಂಟೆ ತೆಗೆದರೆ 1,440 ಚಿತ್ರಗಳಾಗುತ್ತವೆ. ಸೆಕೆಂಡಿಗೆ 24ರಂತೆ ಓಡಿಸಿದರೆ ಸರಿಯಾಗಿ ಒಂದು ನಿಮಿಷ.

ಆ ಒಂದು ನಿಮಿಷದಲ್ಲಿ ಕಾಣುವುದಿಷ್ಟು. ಒಣಗಿದ ಬಿಲ್ಲೆಯಿಂದ ನೀರು ತಾಗಿದ ಕ್ಷಣವೇ ಗುಳ್ಳೆಗಳ ಸಾಲು ಏಳುತ್ತದೆ, ಅಂಚು ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ, ಬಿಲ್ಲೆ ತನ್ನ ಮೇಲೆ ತಾನೇ ಕುಸಿದು ಗುಡ್ಡೆಯಾಗುತ್ತದೆ. ಸುಟ್ಟ ಬಿಲ್ಲೆಯಿಂದಲೂ ಗುಳ್ಳೆ ಬರುತ್ತದೆ, ಆದರೆ ಆಕಾರ ಕದಲುವುದಿಲ್ಲ. ಪಿಒಪಿಯೂ ಹಾಗೆಯೇ. ನೋಡುವವರಿಗೆ ಅಚ್ಚರಿ ತರುವುದು ಎರಡನೆಯ ಜಾಡಿ. ಹಸಿ ಬಿಲ್ಲೆ ಮೊದಲೇ ಮೆತ್ತಗಿದೆ, ಅದೇ ಮೊದಲು ಕರಗಬೇಕು ಎಂದು ಹೆಚ್ಚಿನವರು ಊಹಿಸುತ್ತಾರೆ. ಅದು ಹೊರಮೈಯಲ್ಲಿ ತುಸು ಜಾರಾಗುವುದು ಬಿಟ್ಟರೆ ಇಟ್ಟಲ್ಲೇ ಕೂತಿರುತ್ತದೆ.

ತೆಳುಹಾಳೆಗಳ ಒಟ್ಟಿಲು

ಜೇಡಿಮಣ್ಣು ಮರಳಿನಂತೆ ಗುಂಡು ಕಾಳುಗಳ ರಾಶಿಯಲ್ಲ. ಅದರ ಕಣಗಳು ಚಪ್ಪಟೆ, ಬಹು ತೆಳು. ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿಗಿಂತಲೂ ಕಡಿಮೆ, ದಪ್ಪ ಅದಕ್ಕಿಂತ ಎಷ್ಟೋ ಕಡಿಮೆ. ಇವನ್ನು ಹಾಳೆಕಣ ಎಂದು ಕರೆಯೋಣ.

ತೊಳೆದ ಸ್ಟೀಲ್ ತಟ್ಟೆಗಳನ್ನು ಒರೆಸದೆ ಒಂದರ ಮೇಲೊಂದು ಇಟ್ಟರೆ ಏನಾಗುತ್ತದೆ ಎಂದು ಅಡುಗೆಮನೆಯಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು. ಮೇಲಿನ ತಟ್ಟೆ ಎತ್ತಿದರೆ ಕೆಳಗಿನದೂ ಜೊತೆಗೇ ಬರುತ್ತದೆ. ಪಕ್ಕಕ್ಕೆ ಜಾರಿಸಿದರೆ ಮಾತ್ರ ಸುಲಭವಾಗಿ ಬಿಡುತ್ತದೆ. ನಡುವಿನ ತೆಳುವಾದ ನೀರಿನ ಪೊರೆ ಎರಡನ್ನೂ ಹಿಡಿದಿದೆ, ಜಾರಲೂ ಬಿಡುತ್ತಿದೆ. ಕಲಸಿದ ಜೇಡಿಮಣ್ಣಿನ ಗುಣ ಇದೇ. ಒತ್ತಿದರೆ ಹಾಳೆಕಣಗಳು ಒಂದರ ಮೇಲೊಂದು ಜಾರಿ ಹೊಸ ಆಕಾರ ತಾಳುತ್ತವೆ, ಕೈ ತೆಗೆದ ಮೇಲೆ ಆ ಆಕಾರ ಹಾಗೇ ನಿಲ್ಲುತ್ತದೆ. ಗಣಪನ ಕಿವಿಯನ್ನು ಹೆಬ್ಬೆರಳಿನಿಂದ ಅಗಲಿಸಿ ತಿದ್ದಲು ಸಾಧ್ಯವಾಗುವುದು ಈ ನೀರಪೊರೆಯಿಂದ.

ಒಣಗುವಾಗ ಪೊರೆಯ ನೀರು ಆವಿಯಾಗಿ ಹೊರಟುಹೋಗುತ್ತದೆ. ಹೋಗುತ್ತಾ ಹೋಗುತ್ತಾ ಕಣಗಳನ್ನು ಇನ್ನಷ್ಟು ಹತ್ತಿರ ಎಳೆಯುತ್ತದೆ. ಮೂರ್ತಿ ಒಣಗುತ್ತಾ ತುಸು ಕುಗ್ಗುವುದು, ದಪ್ಪ ಹೊಟ್ಟೆಯ ಕಡೆ ಬಿರುಕು ಬಿಡುವುದು ಇದರಿಂದಲೇ. ಕೊನೆಗೆ ಕಣಗಳು ಪರಸ್ಪರ ತಾಗಿ ಕೂರುತ್ತವೆ. ಅಷ್ಟು ಹತ್ತಿರದಲ್ಲಿ ಅವುಗಳ ನಡುವೆ ಒಂದು ಮೇಲ್ಮೈ ಸೆಳೆತ ಇರುತ್ತದೆ. ಹೊತ್ತುಕೊಂಡು ಮನೆಗೆ ತರಲು, ಐದು ದಿನ ಪೀಠದಲ್ಲಿ ಕೂರಿಸಲು ಆ ಸೆಳೆತ ಧಾರಾಳವಾಗಿ ಸಾಕು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದೇ. ಮಣ್ಣನ್ನು ಕೆರೆಯಂಗಳದಿಂದ ಅಗೆದಾಗಿನಿಂದ ಮೂರ್ತಿ ಒಣಗಿ ಗಟ್ಟಿಯಾಗುವವರೆಗೆ ಅದರಲ್ಲಿ ಹೊಸ ವಸ್ತು ಯಾವುದೂ ಹುಟ್ಟಿಲ್ಲ. ಕಣಗಳು ಅವೇ. ಅವು ಕೂತಿರುವ ರೀತಿ ಮಾತ್ರ ಬೇರೆಯಾಗಿದೆ.

ಒಣಗಿದ್ದೇ ಬೇಗ ಕರಗುತ್ತದೆ

ಈಗ ಮೊದಲ ಜಾಡಿಗೆ ಬರೋಣ. ಒಣಗಿದ ಬಿಲ್ಲೆಯಲ್ಲಿ ಹಾಳೆಕಣಗಳ ನಡುವೆ ಅಸಂಖ್ಯಾತ ಸೂಕ್ಷ್ಮ ಕಂಡಿಗಳಿವೆ, ಅವುಗಳ ತುಂಬ ಗಾಳಿ. ನೀರಿಗೆ ಇಳಿಸಿದ ಕೂಡಲೇ ಕಂಡಿಗಳು ಎಲ್ಲ ಕಡೆಯಿಂದಲೂ ನೀರನ್ನು ಒಳಗೆಳೆಯುತ್ತವೆ. ಕಂಡಿ ಕಿರಿದಾದಷ್ಟೂ ಎಳೆತ ಹೆಚ್ಚು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ತ್ರಿಜ್ಯವಿರುವ ಕಂಡಿಯ ಎಳೆತಕ್ಕೆ ಸುಮಾರು 14 ಮೀಟರ್ ಎತ್ತರದ ನೀರಿನ ಕಂಬವನ್ನು ತಡೆದು ನಿಲ್ಲಿಸುವಷ್ಟು ಬಲವಿದೆ.

ನೀರು ಸುತ್ತಲಿಂದಲೂ ನುಗ್ಗುವುದರಿಂದ ಒಳಗಿದ್ದ ಗಾಳಿಗೆ ಹೊರಬರಲು ದಾರಿ ಸಾಲುವುದಿಲ್ಲ. ಅದು ನಡುವೆ ಸಿಕ್ಕಿಕೊಂಡು ಒತ್ತಿಹೋಗುತ್ತದೆ. ಒತ್ತಡ ಮಿತಿ ಮೀರಿದಾಗ ಎಲ್ಲಿ ಹಿಡಿತ ಸಡಿಲವೋ ಅಲ್ಲಿ ಮಣ್ಣನ್ನು ಸೀಳಿಕೊಂಡು ಹೊರಬರುತ್ತದೆ. ಜಾಡಿಯಲ್ಲಿ ಕಾಣುವ ಗುಳ್ಳೆಗಳು ಇವೇ. ಇದೇ ಹೊತ್ತಿಗೆ ಹಾಳೆಕಣಗಳ ನಡುವೆ ನೀರಪೊರೆ ಮತ್ತೆ ಹುಟ್ಟಿ ಅವುಗಳನ್ನು ದೂರ ತಳ್ಳುತ್ತದೆ. ಒಳಗಿನಿಂದ ಗಾಳಿ ಬಿರಿಸುತ್ತದೆ, ನಡುವಿನಿಂದ ನೀರು ಬಿಡಿಸುತ್ತದೆ. ಬೆರಳು ದಪ್ಪದ ಬಿಲ್ಲೆ ಅರ್ಧ ಗಂಟೆಯೊಳಗೆ ಕುಸಿಯಲು ಇಷ್ಟು ಸಾಕು. ನಾವು ರೂಢಿಯಲ್ಲಿ ‘ಕರಗುವುದು’ ಎನ್ನುವ ಈ ಕ್ರಿಯೆಯಲ್ಲಿ ಮಣ್ಣು ಉಪ್ಪಿನ ಹಾಗೆ ನೀರಿನಲ್ಲಿ ಬೆರೆತು ಮಾಯವಾಗುವುದಿಲ್ಲ. ಕಣಗಳು ಬಿಡಿಬಿಡಿಯಾಗಿ ಬೇರ್ಪಟ್ಟು ಆಮೇಲೆ ನಿಧಾನವಾಗಿ ತಳ ಸೇರುತ್ತವೆ.

ಹಸಿ ಬಿಲ್ಲೆಯ ಕಂಡಿಗಳಲ್ಲಿ ಮೊದಲೇ ನೀರು ತುಂಬಿದೆ. ಎಳೆಯಲು ಜಾಗವಿಲ್ಲ, ಸಿಕ್ಕಿಬೀಳಲು ಗಾಳಿಯಿಲ್ಲ. ಹೊರಗಿನ ನೀರು ನಿಧಾನವಾಗಿ ಇಂಚಿಂಚು ಒಳನುಗ್ಗಬೇಕು. ಕುಂಬಾರರಿಗೆ ಇದು ಕೈಗೆ ಬಂದ ವಿದ್ಯೆ. ಹಾಳಾದ ಹಸಿ ಮಡಕೆಯ ಮಣ್ಣನ್ನು ಮತ್ತೆ ಬಳಸಬೇಕಾದರೆ ಅದನ್ನು ಮೊದಲು ಪೂರ್ತಿ ಒಣಗಿಸಿ, ಆಮೇಲೆ ನೆನೆಹಾಕುತ್ತಾರೆ. ಹಸಿಯನ್ನೇ ನೆನೆಹಾಕಿದರೆ ಗಂಟುಗಂಟಾಗಿ ಉಳಿಯುತ್ತದೆ.

ಮನೆಯ ಗಣಪನಿಗೂ ಈ ಮಾತು ಹಾಗೇ ಅನ್ವಯಿಸುತ್ತದೆ. ಹಬ್ಬದ ಹಿಂದಿನ ದಿನ ಅವಸರದಲ್ಲಿ ಮಾಡಿ ಕೊಟ್ಟ, ಒಳಗಿನ್ನೂ ತೇವವಿರುವ ಮೂರ್ತಿ ಹಬ್ಬದ ಸಂಜೆಯೇ ಬಿಟ್ಟರೆ ಬೇಗ ಕರಗುವುದಿಲ್ಲ. ತೇವ ಉಳಿದಿದೆಯೇ ಎಂದು ತಿಳಿಯಲು ಮೂರ್ತಿಯ ತಳವನ್ನು ಕೆನ್ನೆಗೆ ಮುಟ್ಟಿಸಿ ನೋಡುವ ರೂಢಿ ಕುಂಬಾರಿಕೆಯಲ್ಲಿದೆ. ತಣ್ಣಗೆ ತಾಗಿದರೆ ಒಳಗಿನಿಂದ ನೀರು ಇನ್ನೂ ಆವಿಯಾಗುತ್ತಿದೆ ಎಂದರ್ಥ. ಬಿಲ್ಲೆಗಳಿಗಾದರೆ ಅಡುಗೆಮನೆಯ ತಕ್ಕಡಿ ಸಾಕು. ಎರಡು ದಿನ ತೂಗಿದಾಗಲೂ ತೂಕ ಇಳಿಯದಿದ್ದರೆ ಅದು ಒಣಗಿದೆ.

ಆವಿಗೆ ಮಾಡಿದ ಬದಲಾವಣೆ

ಬಿಸಿಲು ತೆಗೆಯುವುದು ಹಾಳೆಕಣಗಳ ನಡುವಿನ ನೀರನ್ನು ಮಾತ್ರ. ಪ್ರತಿ ಕಣದ ಒಡಲೊಳಗೂ ನೀರಿನ ಅಂಶ ಅದರ ರಚನೆಯ ಭಾಗವಾಗಿಯೇ ಕಟ್ಟಿಕೊಂಡಿರುತ್ತದೆ. ಎಷ್ಟೇ ಉರಿಬಿಸಿಲಿದ್ದರೂ ಅದು ಬಿಡುವುದಿಲ್ಲ. ಆವಿಗೆಯ ಕಾವು 450ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಆ ಒಡಲ ನೀರೂ ಹೊರಟುಹೋಗುತ್ತದೆ. ಆಗ ಹಾಳೆಯ ಜೋಡಣೆಯೇ ಕಳಚಿ ಬೇರೊಂದು ವಸ್ತುವಾಗುತ್ತದೆ. ಕಾವು ಇನ್ನೂ ಏರಿದಂತೆ ಕಣಗಳು ತಾಗಿದ ಕಡೆಗಳಲ್ಲಿ ಬೆಸೆದುಕೊಳ್ಳುತ್ತವೆ. ಮಡಕೆಯ ಕಂಡಿಗಳಲ್ಲಿ ನೀರು ಈಗಲೂ ನುಗ್ಗುತ್ತದೆ, ಗುಳ್ಳೆಯೂ ಏಳುತ್ತದೆ. ಬಿಡಿಸಿಕೊಳ್ಳಲು ಮಾತ್ರ ಹಾಳೆಗಳು ಉಳಿದಿಲ್ಲ. ಅಂಗಡಿಯಲ್ಲಿ ಟೆರಾಕೋಟಾ ಎಂದು ಮಾರುವ ಕೆಂಪು ಗಣಪ ಸುಟ್ಟ ಮಣ್ಣಿನದು. ಅದು ವರ್ಷವಿಡೀ ಮನೆಯಲ್ಲಿಟ್ಟುಕೊಳ್ಳಲು ಚೆಂದ, ನೀರಿಗೆ ಬಿಡಲು ಸಲ್ಲದು. ‘ಮಣ್ಣಿನದೇ ತಂದೆವು, ಕರಗಲಿಲ್ಲ’ ಎಂಬ ದೂರಿಗೆ ಹಲವು ಸಲ ಇದೇ ಕಾರಣ. ಉಗುರಿನಿಂದ ತಳವನ್ನು ಕೆರೆದರೆ ಸುಡದ ಮಣ್ಣಿನದು ಪುಡಿ ಉದುರಿಸುತ್ತದೆ, ಸುಟ್ಟದ್ದು ಉದುರಿಸುವುದಿಲ್ಲ.

ಪುಡಿ ಕಲ್ಲಾಗುವ ಬಗೆ

ನಾಲ್ಕನೆಯ ಜಾಡಿಯ ಕಥೆಯಲ್ಲಿ ಬೆಂಕಿ ಬಹಳ ಮುಂಚೆಯೇ ಬಂದು ಹೋಗಿದೆ. ಜಿಪ್ಸಮ್ ಎಂಬ ಮೆದು ಖನಿಜವನ್ನು ಸುಮಾರು 150 ಡಿಗ್ರಿಗೆ ಕಾಯಿಸಿದರೆ ಅದರೊಳಗೆ ಕಟ್ಟಿಕೊಂಡಿರುವ ನೀರಿನಲ್ಲಿ ಮುಕ್ಕಾಲು ಪಾಲು ಹೊರಟು ಬಿಳಿ ಪುಡಿ ಉಳಿಯುತ್ತದೆ. ಇದೇ ಪಿಒಪಿ. ಈ ಪುಡಿಗೆ ನೀರು ಬೆರೆಸಿದರೆ ಕಳೆದುಕೊಂಡ ನೀರನ್ನು ಮತ್ತೆ ಸೇರಿಸಿಕೊಂಡು ಜಿಪ್ಸಮ್ ಆಗುತ್ತದೆ. ಅಚ್ಚನ್ನು ಮುಟ್ಟಿದರೆ ಬೆಚ್ಚಗಿರುತ್ತದೆ, ಒಳಗೆ ರಾಸಾಯನಿಕ ಕ್ರಿಯೆ ನಡೆಯುತ್ತಿರುವುದರ ಗುರುತು ಅದು. ಹೊಸದಾಗಿ ಬೆಳೆಯುವ ಸೂಜಿಮೊನೆಯ ಹರಳುಗಳು ಒಂದರೊಳಗೊಂದು ಹೆಣೆದುಕೊಂಡು ಅರ್ಧ ಗಂಟೆಯೊಳಗೆ ಗಟ್ಟಿ ಕಟ್ಟುತ್ತವೆ. ಮಣ್ಣಿನಲ್ಲಿ ನೀರು ಬಂದು ಹೋಗುವ ಅತಿಥಿ. ಇಲ್ಲಿ ನೀರು ಹರಳಿನ ಒಡಲು ಸೇರಿದೆ. ಹಾಗಾಗಿ ಹೊರಗಿನಿಂದ ಮತ್ತೆ ನೀರು ಹಾಕಿದರೆ ಬಿಡಿಸಲು ಏನೂ ಇಲ್ಲ.

ಜಿಪ್ಸಮ್ ನೀರಿನಲ್ಲಿ ಸ್ವಲ್ಪವೂ ಕರಗುವುದಿಲ್ಲವೆಂದಲ್ಲ. ಒಂದು ಲೀಟರ್ ನೀರಿನಲ್ಲಿ ಎರಡರಿಂದ ಎರಡೂವರೆ ಗ್ರಾಂ ಕರಗುತ್ತದೆ, ಅಲ್ಲಿಗೆ ನೀರಿನ ಹೊಟ್ಟೆ ತುಂಬಿತು. 2 ಕೆ.ಜಿ. ತೂಕದ ಪಿಒಪಿ ಗಣಪನನ್ನು 20 ಲೀಟರ್ ಬಕೆಟ್‌ನಲ್ಲಿಟ್ಟರೆ ಹೆಚ್ಚೆಂದರೆ 50 ಗ್ರಾಂ ಕರಗೀತು. ಉಳಿದ 1,950 ಗ್ರಾಂ ಎಷ್ಟು ದಿನ ಕಾದರೂ ಹಾಗೇ ಇರುತ್ತದೆ. ಪೂರ್ತಿ ಕರಗಬೇಕಾದರೆ ಕನಿಷ್ಠ 800 ಲೀಟರ್ ಹೊಸ ನೀರು ಅದರ ಮೈಮೇಲೆ ಹರಿಯುತ್ತಾ ಇರಬೇಕು. ಕೆರೆಯಲ್ಲಿ ನೀರು ಬೇಕಾದಷ್ಟಿದೆ ನಿಜ. ಆದರೆ ತಳದಲ್ಲಿ ಹೂತ ಮೂರ್ತಿಯ ಸುತ್ತಲಿನ ನೀರು ಕದಲುವುದಿಲ್ಲ. ಮೇಲೆ ಎಣ್ಣೆಬಣ್ಣದ ಪೊರೆಯಿದ್ದರಂತೂ ನೀರು ಜಿಪ್ಸಮ್ಮನ್ನು ಮುಟ್ಟುವುದೂ ಕಷ್ಟ.

ವೀಡಿಯೊದಲ್ಲಿ ಪಿಒಪಿಯನ್ನು ವಿಷ ಎಂದು ಕರೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ಅದು ಸುಳ್ಳು. ಇದೇ ಜಿಪ್ಸಮ್ಮನ್ನು ನಮ್ಮ ರೈತರು ಶೇಂಗಾ ಹೊಲಕ್ಕೆ ಹಾಕುತ್ತಾರೆ, ಚೌಳು ನೆಲವನ್ನು ಸರಿಪಡಿಸಲು ಬಳಸುತ್ತಾರೆ. ತೊಂದರೆ ಬೇರೆ ಕಡೆ ಇದೆ. ಕರಗದ ರಾಶಿ ಕೆರೆಯ ತಳವನ್ನು ಮುಚ್ಚುತ್ತದೆ. ಕರಗಿದ ಪಾಲಿನಲ್ಲಿರುವ ಸಲ್ಫೇಟನ್ನು ಗಾಳಿಯಿಲ್ಲದ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಕೊಳೆತ ಮೊಟ್ಟೆಯ ವಾಸನೆಯ ಅನಿಲವಾಗಿ ಬದಲಿಸಬಲ್ಲವು. ಎಲ್ಲಕ್ಕಿಂತ ಮಿಗಿಲಾಗಿ, ಹೊಳಪಿನ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸ, ಕ್ರೋಮಿಯಂಗಳಂಥ ಭಾರಲೋಹಗಳಿರಬಹುದು. ಅವು ಕೊಳೆಯುವುದಿಲ್ಲ, ಕೆಸರಿನಲ್ಲಿ ವರ್ಷವರ್ಷಕ್ಕೂ ಕೂಡುತ್ತಾ ಹೋಗುತ್ತವೆ. ಇದು ಬಣ್ಣದ ದೋಷ. ಅದೇ ಬಣ್ಣ ಬಳಿದ ಮಣ್ಣಿನ ಗಣಪನಿಗೂ ಇದು ತಪ್ಪಿದ್ದಲ್ಲ.

ಮೂರ್ತಿ ಮಾಡುವವರು ಪಿಒಪಿಗೆ ಏಕೆ ಹೋದರು ಎಂಬುದನ್ನೂ ಹೇಳಬೇಕು. ಅಚ್ಚಿನಿಂದ ಅರ್ಧ ಗಂಟೆಗೊಂದು ತೆಗೆಯಬಹುದು, ಒಳಗೆ ಟೊಳ್ಳಿರುವುದರಿಂದ ಹಗುರ, ಸಾಗಿಸುವಾಗ ಮುರಿಯುವುದು ಕಡಿಮೆ, ಒಣಗುವಾಗ ಬಿರುಕು ಬಿಡುವುದಿಲ್ಲ. ಮಣ್ಣಿನ ಮೂರ್ತಿಗೆ ದಿನಗಟ್ಟಲೆ ನೆರಳು ಬೇಕು, ಮಳೆಗಾಲದಲ್ಲಿ ಅದೇ ಸಿಗುವುದಿಲ್ಲ. ಬೆಂಗಳೂರಿನ ಪಾಟರಿ ಟೌನ್‌ನಂಥ ಕಡೆ ಮಣ್ಣಿನಲ್ಲೇ ಮಾಡುವವರು ಹಬ್ಬಕ್ಕೆ ತಿಂಗಳುಗಳ ಮುಂಚೆ ಕೆಲಸ ಹಿಡಿಯಬೇಕಾಗುವುದು ಇದಕ್ಕೆ. ಮಣ್ಣಿನ ಗಣಪ ಬೇಕೆನ್ನುವ ಮನೆಗಳು ಆಷಾಢದಲ್ಲೇ ಮುಂಗಡ ಕೊಟ್ಟು ಹೇಳಿಟ್ಟರೆ ಮಾಡುವವರ ಈ ಕಷ್ಟ ನಿಜವಾಗಿ ಹಗುರವಾಗುತ್ತದೆ. ವೀಡಿಯೊವನ್ನು ಹಬ್ಬದ ಹಿಂದಿನ ವಾರ ಹಂಚಿದರೆ ಅಷ್ಟಾಗಿ ಉಪಯೋಗವಿಲ್ಲ. ಅಷ್ಟರಲ್ಲಿ ಯಾವ ಮೂರ್ತಿ ಎಂಬುದು ತೀರ್ಮಾನವಾಗಿರುತ್ತದೆ.

ಹಂಡೆಯಲ್ಲಿ ವಿಸರ್ಜನೆ

ವೀಡಿಯೊದ ಎರಡನೆಯ ನಿಮಿಷ ಒಂದು ಮನೆಯದು. ಉತ್ತರಪೂಜೆ ಮುಗಿದಿದೆ, ಮನೆಯ ಹಿರಿಯರು ಮೂರ್ತಿಯನ್ನು ತುಸು ಕದಲಿಸಿದ್ದಾರೆ. ಅಂಗಳದಲ್ಲಿ ರಂಗೋಲಿ, ನಡುವೆ ತೊಳೆದಿಟ್ಟ ತಾಮ್ರದ ಹಂಡೆ. ಹೊಸ ಬಕೆಟ್ಟೂ ಆದೀತು. ಕೆರೆಯ ನೀರೇ ಆಗಬೇಕು ಎನ್ನುವ ಮನೆಗಳಲ್ಲಿ ಒಂದು ತಂಬಿಗೆ ಕೆರೆನೀರು ತಂದು ಮೊದಲು ಹಂಡೆಗೆ ಹಾಕುವುದುಂಟು. ಶಾಸ್ತ್ರ ಏನು ಹೇಳುತ್ತದೆ ಎಂಬ ವಾದಕ್ಕೆ ವೀಡಿಯೊ ಇಳಿಯಬಾರದು. ಅದು ಆಯಾ ಮನೆಯ, ಆಯಾ ಪುರೋಹಿತರ ಮಾತು. ಮೂರ್ತಿ ನೀರಿಗಿಳಿದು ಮುಳುಗುವವರೆಗೆ ತೋರಿಸಿ, ಅಲ್ಲಿಗೆ ಕ್ಯಾಮೆರಾ ನಿಲ್ಲಿಸಿ. ಮುಂದೆ ಏನಾಗುತ್ತದೆ ಎಂದು ಬಿಲ್ಲೆಗಳು ಆಗಲೇ ತೋರಿಸಿವೆ.

ಒಂಬತ್ತು ಅಂಗುಲದ, ಸುಮಾರು 2 ಕೆ.ಜಿ.ಯ ಮಣ್ಣಿನ ಗಣಪನಿಗೆ ಮುಳುಗುವಷ್ಟು ನೀರು, ಅಂದರೆ 15ರಿಂದ 20 ಲೀಟರ್ ಸಾಕು. ಹೂವು, ಗರಿಕೆ, ಪತ್ರೆ, ಗೆಜ್ಜೆವಸ್ತ್ರ, ದಾರ, ಕಾಗದದ ಅಲಂಕಾರ ಎಲ್ಲವನ್ನೂ ಮೊದಲೇ ಬಿಡಿಸಿ ಬೇರೆ ಇಡಬೇಕು. ನಿರ್ಮಾಲ್ಯ ನೀರಿನಲ್ಲಿ ಕೊಳೆಯತೊಡಗಿದರೆ ಎರಡನೆಯ ದಿನಕ್ಕೇ ನಾರುತ್ತದೆ. ಗಿಡದ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದರೆ ಗೊಬ್ಬರವಾಗುತ್ತದೆ.

ಇಳಿಸುವಾಗ ಮೂರ್ತಿಯನ್ನು ಸ್ವಲ್ಪ ಓರೆಯಾಗಿ ಇಟ್ಟರೆ ಒಳ್ಳೆಯದು. ತಳಕ್ಕೆ ಸಾಮಾನ್ಯವಾಗಿ ಬಣ್ಣ ಬಳಿದಿರುವುದಿಲ್ಲ, ನೀರು ಒಳಹೋಗುವ ಹೆಬ್ಬಾಗಿಲು ಅದೇ. ತಳ ಹಂಡೆಗೆ ಒತ್ತಿ ಕೂತರೆ ಬಾಗಿಲು ಮುಚ್ಚಿದಂತಾಗುತ್ತದೆ. ಬಣ್ಣ ಹಚ್ಚಿರದ ಅಥವಾ ಕೆಮ್ಮಣ್ಣು, ಸುಣ್ಣ, ಅರಿಸಿನದಂಥವನ್ನು ನೀರಿನಲ್ಲಿ ಕಲಸಿ ಹಚ್ಚಿದ ಮೂರ್ತಿ ಕೆಲವು ಗಂಟೆಗಳಲ್ಲಿ, ದಪ್ಪವಿದ್ದರೆ ರಾತ್ರಿ ಕಳೆಯುವುದರಲ್ಲಿ ಕುಸಿಯುತ್ತದೆ. ಬೆಳಿಗ್ಗೆಯೂ ಹಾಗೇ ಇದ್ದರೆ ಕಾರಣ ಹುಡುಕುವುದು ಕಷ್ಟವಲ್ಲ. ಇಳಿಸಿದಾಗ ಗುಳ್ಳೆಯೇ ಏಳಲಿಲ್ಲವೆಂದರೆ ಎಣ್ಣೆಬಣ್ಣದ ಪೊರೆ ನೀರನ್ನು ತಡೆದಿದೆ, ಇಲ್ಲವೇ ಮೂರ್ತಿ ಒಳಗೆ ಹಸಿಯಿತ್ತು. ಗುಳ್ಳೆ ಚೆನ್ನಾಗಿ ಎದ್ದೂ ಆಕಾರ ಕದಲದಿದ್ದರೆ ಅದು ಸುಟ್ಟದ್ದು ಅಥವಾ ಪಿಒಪಿ. ಹಸಿಯಿದ್ದದ್ದು ಇನ್ನೂ ಕೆಲವು ದಿನ ಬಿಟ್ಟರೆ ನಿಧಾನವಾಗಿ ಕರಗುತ್ತದೆ. ಬಣ್ಣದ ಪೊರೆಯಿದ್ದರೆ ಒಳಗಿನ ಮಣ್ಣು ತಳದ ಕಡೆಯಿಂದ ಬಿಟ್ಟುಕೊಂಡು ಪೊರೆ ಚಕ್ಕೆಚಕ್ಕೆಯಾಗಿ ಉಳಿಯುತ್ತದೆ. ಆ ಚಕ್ಕೆಗಳನ್ನು ಜರಡಿಯಲ್ಲಿ ಎತ್ತಿ ಕಸಕ್ಕೆ ಕೊಡಬೇಕು, ಗಿಡಕ್ಕೆ ಹಾಕಬಾರದು.

ಪಿಒಪಿ ಮೂರ್ತಿ ಆಗಲೇ ಮನೆಗೆ ಬಂದಿದ್ದರೆ

ಪೂಜೆಯಾದ ಮೂರ್ತಿ ಮನೆಯಲ್ಲಿದೆ. ಆ ಮನೆಯವರಿಗೆ ‘ನೀವು ತಪ್ಪು ಮಾಡಿದಿರಿ’ ಎನ್ನುವ ವೀಡಿಯೊ ಬೇಡ, ಈಗ ಏನು ಮಾಡಬಹುದು ಎನ್ನುವುದು ಬೇಕು. ಅದಕ್ಕೊಂದು ದಾರಿಯನ್ನು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ತೋರಿಸಿಕೊಟ್ಟಿದ್ದಾರೆ. ಬೇಕರಿಯವರು ಬಿಸ್ಕತ್ತು ಉಬ್ಬಿಸಲು ಬಳಸುವ ಅಮೋನಿಯಂ ಬೈಕಾರ್ಬೊನೇಟ್ ಎಂಬ ಪುಡಿಯನ್ನು ಹೆಚ್ಚುಕಡಿಮೆ ಮೂರ್ತಿಯ ತೂಕದಷ್ಟೇ ತೆಗೆದುಕೊಂಡು, ಮೂರ್ತಿ ಮುಳುಗುವಷ್ಟು ನೀರಿನಲ್ಲಿ ಕರಗಿಸಿ, ಅದರಲ್ಲಿ ಮೂರ್ತಿಯನ್ನು ಇಳಿಸುವುದು.

ನೀರೊಂದೇ ಬಿಡಿಸಲಾರದ ಹೆಣಿಗೆಯನ್ನು ಇಲ್ಲಿ ಅದಲುಬದಲಿನಿಂದ ಬಿಡಿಸಲಾಗುತ್ತದೆ. ಜಿಪ್ಸಮ್‌ನಲ್ಲಿ ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಜೊತೆಗಿವೆ. ಕರಗಿ ನೀರಿಗಿಳಿದ ಸ್ವಲ್ಪ ಕ್ಯಾಲ್ಸಿಯಂ ಕಾರ್ಬೊನೇಟ್ ಜೊತೆ ಸೇರಿ ಸೀಮೆಸುಣ್ಣದ ಪುಡಿಯಾಗಿ ತಳಕ್ಕಿಳಿಯುತ್ತದೆ. ಸಲ್ಫೇಟ್ ಅಮೋನಿಯಂ ಜೊತೆ ಸೇರಿ ನೀರಿನಲ್ಲೇ ಉಳಿಯುತ್ತದೆ. ಕ್ಯಾಲ್ಸಿಯಂ ಹೀಗೆ ಪಕ್ಕಕ್ಕೆ ಸರಿದದ್ದರಿಂದ ನೀರಿನಲ್ಲಿ ಮತ್ತೆ ಜಾಗವಾಗುತ್ತದೆ, ಇನ್ನಷ್ಟು ಜಿಪ್ಸಮ್ ಕರಗುತ್ತದೆ. ಹೊಸ ನೀರು ತರುವ ಬದಲು ಅದೇ ನೀರನ್ನು ಮತ್ತೆ ಮತ್ತೆ ಖಾಲಿ ಮಾಡುತ್ತಿದ್ದೇವೆ. 2 ಕೆ.ಜಿ. ಜಿಪ್ಸಮ್‌ನಿಂದ ಲೆಕ್ಕದ ಪ್ರಕಾರ ಸುಮಾರು 1.2 ಕೆ.ಜಿ. ಸುಣ್ಣದ ಪುಡಿ ಮತ್ತು ಒಂದೂವರೆ ಕೆ.ಜಿ. ಅಮೋನಿಯಂ ಸಲ್ಫೇಟ್ ಸಿಗುತ್ತವೆ. ಎರಡನೆಯದು ರೈತರು ಬಳಸುವ ಗೊಬ್ಬರವೇ.

ಇದಕ್ಕೆ ಎರಡು ದಿನವೋ ಹೆಚ್ಚೋ ಹಿಡಿಯುತ್ತದೆ. ಸುಣ್ಣ ಮೂರ್ತಿಯ ಮೈಮೇಲೇ ಪದರ ಕಟ್ಟಿ ಕ್ರಿಯೆಯನ್ನು ತಡೆಯುವುದರಿಂದ ದಿನಕ್ಕೆ ಕೆಲವು ಸಲ ನೀರನ್ನು ಕದಡಬೇಕು. ಅಮೋನಿಯಾದ ಘಾಟು ಬರುತ್ತದೆ. ಬಚ್ಚಲಿನಲ್ಲಿ ಬೇಡ, ಮಕ್ಕಳ ಕೈಗೆಟುಕದಂತೆ ಗಾಳಿಯಾಡುವ ಟೆರೇಸಿನಲ್ಲಿಡಿ. ಗೊಬ್ಬರದ ನೀರು ಹಾಗೇ ಹಾಕಿದರೆ ಗಿಡ ಸುಟ್ಟುಹೋಗುವಷ್ಟು ಗಟ್ಟಿ, ಐವತ್ತು ಪಟ್ಟು ನೀರು ಬೆರೆಸಬೇಕು. ಹೊಳಪು ಬಣ್ಣದ ಮೂರ್ತಿಯಾಗಿದ್ದರೆ ಸೊಪ್ಪು, ತರಕಾರಿಗೆ ಹಾಕಲೇಬಾರದು. ಆಳೆತ್ತರದ ಮೂರ್ತಿಗೆ ಈ ವಿಧಾನ ಹೊಂದುವುದಿಲ್ಲ. ಅಷ್ಟೊಂದು ಪುಡಿ, ಅಷ್ಟೊಂದು ಘಾಟು ಬಡಾವಣೆಯ ನಡುವೆ ಸಾಧ್ಯವಿಲ್ಲ.

ಕೆರೆಗೇ ಹೋಗುವವರಿಗೆ

ಮೆರವಣಿಗೆ, ತಮಟೆ, ಕೆರೆದಡ ಇಲ್ಲದ ವಿಸರ್ಜನೆ ಹಲವರಿಗೆ ವಿಸರ್ಜನೆಯೇ ಅಲ್ಲ. ಅವರಿಗಾಗಿಯೇ ಬೆಂಗಳೂರಿನ ಸ್ಯಾಂಕಿ, ಹಲಸೂರು, ಯಡಿಯೂರು ಕೆರೆಗಳ ಪಕ್ಕ ಪ್ರತ್ಯೇಕ ಕಲ್ಯಾಣಿಗಳಿವೆ. ಹಬ್ಬದ ದಿನಗಳಲ್ಲಿ ಬೀದಿಗೆ ಬರುವ ನೀರಿನ ಟ್ಯಾಂಕರುಗಳಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಕೊಟ್ಟು 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಹುರುಳೂ ಇದೇ: ಮಣ್ಣಿನ ಮೂರ್ತಿ, ನೈಸರ್ಗಿಕ ಬಣ್ಣ, ಹರಿಯುವ ಅಥವಾ ನಿಂತ ಸಹಜ ನೀರಿನಿಂದ ಬೇರ್ಪಡಿಸಿದ ಹೊಂಡ.

ಮಣ್ಣಿನ ಮೂರ್ತಿಗೂ ಈ ಬೇರ್ಪಡಿಕೆ ಏಕೆ? ಹಳ್ಳಿಯಲ್ಲಿ ಮಣ್ಣು ಬರುತ್ತಿದ್ದುದು ಅದೇ ಕೆರೆಯಂಗಳದಿಂದ, ಹೋಗುತ್ತಿದ್ದುದೂ ಅಲ್ಲಿಗೇ. ಲೆಕ್ಕ ಸರಿಹೋಗುತ್ತಿತ್ತು. ನಗರದ ಮೂರ್ತಿಯ ಮಣ್ಣು ಬೇರೆಲ್ಲಿಂದಲೋ ಲಾರಿಯಲ್ಲಿ ಬರುತ್ತದೆ. 2 ಕೆ.ಜಿ.ಯ ಹತ್ತು ಸಾವಿರ ಮೂರ್ತಿಗಳು ಒಂದು ಕೆರೆಗೆ ಬಂದರೆ 20 ಟನ್, ಅಂದರೆ ಐದಾರು ಟ್ರ್ಯಾಕ್ಟರ್ ಲೋಡು ಮಣ್ಣು. ದೊಡ್ಡ ಕೆರೆಗೆ ಇದು ಒಂದು ಜೋರು ಮಳೆ ತರುವ ಹೂಳಿಗಿಂತ ಹೆಚ್ಚೇನಲ್ಲ. ಆದರೆ ಎಲ್ಲವೂ ಒಂದೇ ಮೂಲೆಯಲ್ಲಿ, ಕೆಲವೇ ದಿನಗಳಲ್ಲಿ ಬೀಳುತ್ತದೆ. ಹಾಳೆಕಣಗಳು ತೇಲುತ್ತಿರುವವರೆಗೆ ಬೆಳಕು ತಳ ಮುಟ್ಟುವುದಿಲ್ಲ. ಜೊತೆಗೆ ಬಿದ್ದ ಹೂವು, ಬಾಳೆಕಂದು, ಪ್ರಸಾದ ಕೊಳೆಯುತ್ತಾ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಮೀನುಗಳಿಗೆ ಉಸಿರು ಕಟ್ಟುವುದು ಮುಖ್ಯವಾಗಿ ಈ ಎರಡನೆಯದರಿಂದ, ಮಣ್ಣಿನ ಪಾಲು ಚಿಕ್ಕದು. ಕಲ್ಯಾಣಿಯಲ್ಲಾದರೆ ಮರುದಿನ ಹೂಳು ತೆಗೆಯಬಹುದು.

ತಳದಲ್ಲಿ ಉಳಿದ ಮಣ್ಣು

ಹಂಡೆಯ ನೀರನ್ನು ಚರಂಡಿಗೆ ಸುರಿಯಬಾರದು, ಜೇಡಿಮಣ್ಣು ಪೈಪಿನ ಬಾಗಿನಲ್ಲಿ ಕೂತು ಗಟ್ಟಿಯಾಗುತ್ತದೆ. ಅದನ್ನು ಕದಡದೆ ಬಿಡಬೇಕು. ತೀರ ಸಣ್ಣದಲ್ಲದ ಹಾಳೆಕಣ ನಿಂತ ನೀರಿನಲ್ಲಿ ಹತ್ತು ಸೆಂಟಿಮೀಟರ್ ಇಳಿಯಲು ಸುಮಾರು ಎಂಟು ಗಂಟೆ ಬೇಕು, ಇನ್ನೂ ಸಣ್ಣವಕ್ಕೆ ಹೆಚ್ಚು. ಬೋರ್‌ವೆಲ್‌ನ ಗಡಸು ನೀರಾದರೆ ಬೇಗ ತಿಳಿಯಾಗುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಕಣಗಳನ್ನು ಒಂದಕ್ಕೊಂದು ಗುಂಪುಗೂಡಿಸುವುದರಿಂದ ಅವು ಭಾರವಾಗಿ ಬೀಳುತ್ತವೆ. ಮಳೆನೀರಿನಲ್ಲಿ ಎರಡು ದಿನವಾದರೂ ಮಸುಕು ಉಳಿಯಬಹುದು, ಆಗ ಚಿಟಿಕೆ ಸ್ಫಟಿಕ ಹಾಕಿದರೆ ಸಾಕು.

ಮೇಲಿನ ತಿಳಿನೀರನ್ನು ತುಳಸಿಗೋ ಮಾವಿನ ಬುಡಕ್ಕೋ ಬಗ್ಗಿಸಿ, ತಳದ ಕೆಸರನ್ನು ಹಳೆಯ ಹತ್ತಿ ಪಂಚೆಯ ಮೇಲೆ ಹರಡಿ, ಕೈಗೆ ಅಂಟದಷ್ಟು ಗಟ್ಟಿಯಾಗುವವರೆಗೆ ನೆರಳಲ್ಲಿ ಬಿಟ್ಟರೆ, ಸಿಗುವುದು ಕುಂಬಾರರ ಗುಡ್ಡೆಯಲ್ಲಿದ್ದ ಅದೇ ಜೇಡಿಮಣ್ಣು. ಅದರಲ್ಲಿ ಮತ್ತೆ ಮೂರ್ತಿ ಮಾಡಬಹುದು. ತೆಂಗಿನ ನಾರು, ಗರಿಕೆಯ ಚೂರು ಉಳಿದಿದ್ದರೆ ಕೆಸರಾಗಿರುವಾಗಲೇ ಸೋಸಿ ತೆಗೆಯಬೇಕು, ಇಲ್ಲದಿದ್ದರೆ ಶೇಖರಿಸಿಟ್ಟಾಗ ಬೂಸ್ಟು ಹಿಡಿಯುತ್ತದೆ. ತೀರ ನಯವಾದ ಕಣಗಳು ತಿಳಿನೀರಿನ ಜೊತೆ ಹರಿದುಹೋಗಿರುವುದರಿಂದ ಜಿಗುಟು ತುಸು ಕಡಿಮೆಯಿರುತ್ತದೆ. ಕಾಲು ಭಾಗ ಹೊಸ ಮಣ್ಣು ಸೇರಿಸಿ ನಾದಿದರೆ ಸರಿಹೋಗುತ್ತದೆ. ನಾದಿದ ಉಂಡೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿಡಬಹುದು. ಪೂರ್ತಿ ಒಣಗಿಸಿ ಇಟ್ಟರೂ ಆಗುತ್ತದೆ, ಮುಂದಿನ ಆಷಾಢದಲ್ಲಿ ನೆನೆಹಾಕಿದರೆ ಅರ್ಧ ಗಂಟೆಯಲ್ಲಿ ಗುಳ್ಳೆಯೆದ್ದು ಬಿಟ್ಟುಕೊಳ್ಳುತ್ತದೆ.